ರೆಸ್ಯೂಮೆಯ ಹಿಂದಿರುವ ಕಾಗದಗಳು: ಜರ್ಮನ್‌ಗೆ ಅನುವಾದಿಸುವಾಗ

ಒಂದು ಪದದಿಂದ ಶುರು ಮಾಡುತ್ತೇನೆ. ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವ ಇಂಜಿನಿಯರ್ ಒಬ್ಬರು ತಮ್ಮ ಇಂಗ್ಲಿಷ್ ರೆಸ್ಯೂಮೆಯನ್ನು ಜರ್ಮನ್‌ಗೆ ಅನುವಾದ ಮಾಡಿಸಿ ಎಂಟು ಹತ್ತು ಕಂಪನಿಗಳಿಗೆ ಕಳಿಸಿದ್ದರು. ಎಲ್ಲಿಂದಲೂ ಸಂದರ್ಶನದ ಕರೆ ಬರಲಿಲ್ಲ. ಆಮೇಲೆ ಕಡತ ಹಿಡಿದು ನನ್ನ ಹತ್ತಿರ ಬಂದರು. ಅವರಿಗೆ 2022ರ ಏಪ್ರಿಲ್‌ನಲ್ಲಿ ಬಡ್ತಿ ಸಿಕ್ಕಿತ್ತು. ಇಂಗ್ಲಿಷಿನಲ್ಲಿ ಅದು ‘ಪ್ರಮೋಷನ್’. ಜರ್ಮನ್ ಪ್ರತಿಯಲ್ಲೂ ಅದನ್ನು ‘ಪ್ರೊಮೊಟ್ಸಿಯೋನ್’ ಎಂದೇ ಬಿಟ್ಟಿದ್ದರು. ಜರ್ಮನ್‌ನಲ್ಲಿ ಆ ಪದ ಕೇಳಿದವರಿಗೆ ಮೊದಲು ಹೊಳೆಯುವುದು ಡಾಕ್ಟರೇಟ್. ಅಂದರೆ ಓದಿದವರ ಕಣ್ಣಿಗೆ ಈಕೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ 2022ರಲ್ಲಿ ಪಿಎಚ್‌ಡಿ ಮುಗಿಸಿದವರು. ಆದರೆ ಯಾವ ವಿಶ್ವವಿದ್ಯಾಲಯ, ಯಾವ ವಿಷಯ ಎಂದು ಎಲ್ಲೂ ಇಲ್ಲ. ಲಗತ್ತಿಸಿದ ಕಾಗದಗಳಲ್ಲಿ ಪದವಿ ಪತ್ರವೂ ಇಲ್ಲ. ಅಲ್ಲಿ ಇರಬೇಕಾಗಿದ್ದ ಪದ ‘ಬೆಫೋರ್ಡರುಂಗ್’.

ಉತ್ತರ ಬಾರದಿರಲು ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಅನುವಾದ ಎಡವುವುದು ಹೆಚ್ಚಾಗಿ ಇಂಥ ಕಡೆಯಲ್ಲೇ. ವ್ಯಾಕರಣ ಸರಿಯಾಗಿರುತ್ತದೆ, ವಾಕ್ಯ ಸರಾಗವಾಗಿರುತ್ತದೆ, ಆದರೆ ಪದ ಒಂದು ಹೇಳುತ್ತದೆ, ಹಿಂದಿರುವ ಕಾಗದ ಇನ್ನೊಂದು ಹೇಳುತ್ತದೆ. ಇವತ್ತು ಈ ಒಬ್ಬರ ಕಡತವನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಅವರ ಒಪ್ಪಿಗೆ ಇದೆ, ಹೆಸರು ಮಾತ್ರ ಹೇಳುವುದಿಲ್ಲ.

ಜರ್ಮನಿಯಲ್ಲಿ ಅರ್ಜಿ ಎಂದರೆ ಒಂದು ಕಟ್ಟು ಕಾಗದ. ಮೊದಲು ಪತ್ರ, ಅದಕ್ಕೆ ‘ಆನ್‌ಶ್ರೈಬೆನ್’ ಎನ್ನುತ್ತಾರೆ. ಆಮೇಲೆ ರೆಸ್ಯೂಮೆ, ಅಂದರೆ ‘ಲೇಬೆನ್ಸ್‌ಲೌಫ್’. ಅಕ್ಷರಶಃ ನೋಡಿದರೆ ‘ಬದುಕು ನಡೆದು ಬಂದ ದಾರಿ’. ಅದರ ಹಿಂದೆ ಪ್ರಮಾಣಪತ್ರಗಳು: ಪದವಿಯದು, ಅಂಕಪಟ್ಟಿ, ಹಿಂದಿನ ಕೆಲಸಗಳದ್ದು, ಭಾಷಾ ಪರೀಕ್ಷೆಯದು. ಎಲ್ಲವೂ ಒಟ್ಟಿಗೆ ಹೋಗುತ್ತವೆ. ಬೇರೆ ಹಲವು ದೇಶಗಳಲ್ಲಿ ಮೊದಲು ರೆಸ್ಯೂಮೆ ಮಾತ್ರ ಹೋಗುತ್ತದೆ, ಕಾಗದ ಪತ್ರ ಕೇಳುವುದು ಕೆಲಸ ಖಚಿತವಾದ ಮೇಲೆ. ಜರ್ಮನಿಯಲ್ಲಿ ಆಯ್ಕೆ ಮಾಡುವವರು ರೆಸ್ಯೂಮೆ ಓದುತ್ತಲೇ ಹಿಂದಿನ ಕಾಗದ ತಿರುವಿ ತಾಳೆ ನೋಡಬಹುದು. ಹಾಗಾಗಿ ನಾನು ಅನುವಾದಕ್ಕೆ ಕೂರುವ ಮುಂಚೆ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಳ್ಳುತ್ತೇನೆ. ರೆಸ್ಯೂಮೆಯ ಒಂದೊಂದು ಸಾಲಿಗೂ ‘ಇದನ್ನು ಯಾವ ಕಾಗದ ಹೇಳುತ್ತದೆ?’ ಎಂದು ಕೇಳುತ್ತೇನೆ. ಅನುವಾದದ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಈಗ ದಿನಾಂಕಗಳಿಗೆ ಬನ್ನಿ. ಅವರ ಇಂಗ್ಲಿಷ್ ರೆಸ್ಯೂಮೆಯಲ್ಲಿ ಮೊದಲ ಕೆಲಸ ‘2015–2018’, ಎರಡನೆಯದು ‘2019ರಿಂದ ಇಲ್ಲಿಯವರೆಗೆ’ ಎಂದಿತ್ತು. ನೋಡಲು ಒಂದಕ್ಕೊಂದು ಅಂಟಿಕೊಂಡ ಹಾಗಿದೆ. ಜರ್ಮನ್ ಲೇಬೆನ್ಸ್‌ಲೌಫ್‌ನಲ್ಲಿ ತಿಂಗಳೂ ವರ್ಷವೂ ಎರಡೂ ಬೇಕು, ‘09/2015 – 10/2018’ ಎಂಬ ರೂಪದಲ್ಲಿ. ಬರೀ ವರ್ಷ ಬರೆದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ನಾವು ತಿಂಗಳುಗಳನ್ನು ತುಂಬಿದಾಗ ಎರಡನೆಯ ಕೆಲಸ 07/2019ಕ್ಕೆ ಶುರುವಾಗಿದ್ದು ಕಂಡಿತು. ನಡುವೆ ಎಂಟು ತಿಂಗಳು ಖಾಲಿ. ಆಕೆಯ ಮುಖ ಸಪ್ಪಗಾಯಿತು. ತಾಯಿಗೆ ಕಾಯಿಲೆಯಾಗಿತ್ತು, ಕೆಲಸ ಬಿಟ್ಟು ನೋಡಿಕೊಂಡಿದ್ದರು. ‘ಇದನ್ನೆಲ್ಲ ಹೇಗೆ ಬರೆಯೋದು ಸರ್, ವರ್ಷ ಮಾತ್ರ ಹಾಕೋಣ’ ಎಂದರು.

ನಾನು ಒಪ್ಪಲಿಲ್ಲ. ಎರಡು ಮೂರು ತಿಂಗಳಿಗಿಂತ ಉದ್ದದ ಬಿಡುವಿದ್ದರೆ ಅಲ್ಲಿ ಒಂದು ಸಾಲಿನ ವಿವರಣೆಯನ್ನು ನಿರೀಕ್ಷಿಸುತ್ತಾರೆ. ಹೇಗೂ ಹಿಂದೆ ಲಗತ್ತಿಸಿದ ಅನುಭವ ಪತ್ರದಲ್ಲಿ ಕೆಲಸ ಬಿಟ್ಟ ತಾರೀಖು ಇದ್ದೇ ಇದೆ. ನಾವು ಬರೆದದ್ದು ಇಷ್ಟು: ‘11/2018 – 06/2019, ಕುಟುಂಬದ ಸದಸ್ಯರೊಬ್ಬರ ಆರೈಕೆ’. ಯಾರು, ಯಾವ ಕಾಯಿಲೆ ಎಂದು ಬರೆಯಬೇಕಾಗಿಲ್ಲ. ಜರ್ಮನ್‌ನಲ್ಲಿ ಇದಕ್ಕೆ ‘ಪ್ಫ್ಲೇಗೆ’ ಎಂಬ ಸರಿಹೊಂದುವ ಪದವಿದೆ. ಆರೈಕೆಗಾಗಿ ಕೆಲಸದಿಂದ ಬಿಡುವು ಪಡೆಯುವುದು ಅಲ್ಲಿ ಕಾನೂನು ಬಲ್ಲ ಸಂಗತಿ. ಓದುವವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋಗುತ್ತಾರೆ. ಆಮೇಲೆ ಮಾತಾಡುತ್ತಾ ತಿಳಿಯಿತು, ಅದೇ ಎಂಟು ತಿಂಗಳಲ್ಲಿ ಆಕೆ ಮನೆಯಿಂದಲೇ ಜರ್ಮನ್ ಕಲಿಯಲು ಆರಂಭಿಸಿದ್ದರಂತೆ. ಅದೂ ಅದೇ ಸಾಲಿನ ಕೆಳಗೆ ಸೇರಿತು.

ಸಾಲುಗಳ ಕ್ರಮ ಈಗಿನದರಿಂದ ಹಿಂದಕ್ಕೆ, ಇತ್ತೀಚಿನ ಕೆಲಸ ಮೊದಲು. ಎಡಕ್ಕೆ ದಿನಾಂಕದ ಕಂಬ, ಬಲಕ್ಕೆ ವಿವರ. ಎರಡು ಪುಟ ಸಾಕು.

ವೈಯಕ್ತಿಕ ವಿವರಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಫೋಟೋ ಹಾಕಬೇಕೇ? ಜರ್ಮನಿಯಲ್ಲಿ 2006ರಲ್ಲಿ ಸಮಾನ ನಡವಳಿಕೆಯ ಕಾನೂನು ಜಾರಿಗೆ ಬಂದ ಮೇಲೆ ಕಂಪನಿಗಳು ಫೋಟೋ ಬೇಕೇ ಬೇಕು ಎಂದು ಕೇಳುವುದನ್ನು ಬಿಟ್ಟಿವೆ. ಆದರೂ ರೂಢಿ ಪೂರ್ತಿ ಹೋಗಿಲ್ಲ. ಇಂದಿಗೂ ಎಷ್ಟೋ ಜನ ಹಾಕುತ್ತಾರೆ. ಹಾಕುವುದಾದರೆ ಸ್ಟುಡಿಯೋದಲ್ಲಿ ತೆಗೆಸಿದ, ಕೆಲಸಕ್ಕೆ ಹೋಗುವ ಉಡುಪಿನದ್ದು ಹಾಕಿ. ಮನೆಯ ಗೋಡೆಯ ಮುಂದೆ ಮೊಬೈಲಿನಲ್ಲಿ ತೆಗೆದದ್ದು ಬೇಡ, ಅದಕ್ಕಿಂತ ಹಾಕದಿರುವುದೇ ಮೇಲು. ಹುಟ್ಟಿದ ದಿನಾಂಕ, ರಾಷ್ಟ್ರೀಯತೆ ಬರೆಯುವುದು ಸಾಮಾನ್ಯ. ವೀಸಾದ ವಿಷಯ ಬರುವುದರಿಂದ ರಾಷ್ಟ್ರೀಯತೆ ಕಂಪನಿಗೂ ಅನುಕೂಲ. ತಂದೆಯ ಹೆಸರು, ಧರ್ಮ, ಮದುವೆಯ ವಿವರ ಬೇಡ. ಇದೇ ಕಡತವನ್ನು ನಾಳೆ ಅಮೆರಿಕದ ಕಂಪನಿಗೆ ಕಳಿಸುವುದಾದರೆ ಫೋಟೋ, ಹುಟ್ಟಿದ ದಿನ, ರಾಷ್ಟ್ರೀಯತೆ ಮೂರನ್ನೂ ತೆಗೆದುಬಿಡಿ. ಅಲ್ಲಿ ಅವು ಇದ್ದರೆ ಆಯ್ಕೆ ಮಾಡುವವರಿಗೇ ಮುಜುಗರ, ತಾರತಮ್ಯದ ಆರೋಪಕ್ಕೆ ದಾರಿಯಾದೀತೆಂಬ ಭಯ. ಒಂದು ದೇಶಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದಕ್ಕೇ ಈ ಮಾತು ಹೇಳಿದೆ.

ನಮ್ಮ ರೆಸ್ಯೂಮೆಗಳ ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯವೆಂದು ಘೋಷಿಸುತ್ತೇನೆ’ ಎಂಬ ಸಾಲಿರುತ್ತದಲ್ಲ, ಅದನ್ನು ಅನುವಾದಿಸಬೇಡಿ. ಜರ್ಮನ್ ರೂಢಿಯಲ್ಲಿ ಅದರ ಜಾಗದಲ್ಲಿ ಊರು, ದಿನಾಂಕ, ಸಹಿ ಇಷ್ಟೇ ಇರುತ್ತದೆ. ಸಹಿ ಕಡ್ಡಾಯವಲ್ಲ, ಆದರೆ ಮಾಡಿದರೆ ಇವರಿಗೆ ಇಲ್ಲಿನ ಪದ್ಧತಿ ಗೊತ್ತು ಎಂದು ತಿಳಿಯುತ್ತದೆ. ಮೇಲ್ಗಡೆಯ ‘ವೃತ್ತಿಯ ಗುರಿ’ ಎಂಬ ಪ್ಯಾರಾಕ್ಕೂ ಅಲ್ಲಿ ಸ್ಥಾನವಿಲ್ಲ. ಹೇಳಲು ನಿಜವಾಗಿ ಏನಾದರೂ ಇದ್ದರೆ ಅದು ಪತ್ರಕ್ಕೆ ಸೇರಬೇಕು.

ಇನ್ನು ಓದಿನ ಭಾಗ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಇಲ್ಲಿ ಆಗುವ ತಪ್ಪುಗಳಿಗೆ ಅರ್ಜಿದಾರರೇ ಬೆಲೆ ತೆರಬೇಕಾಗುತ್ತದೆ. ಈಕೆ ಮೊದಲು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಆಮೇಲೆ ನೇರ ಎರಡನೆಯ ವರ್ಷಕ್ಕೆ ಸೇರಿ ಬಿಇ ಮುಗಿಸಿದವರು. ಅನುವಾದಕರು ಡಿಪ್ಲೊಮಾವನ್ನು ‘ಡಿಪ್ಲೋಮ್’ ಮಾಡಿದ್ದರು. ಜರ್ಮನಿಯಲ್ಲಿ ಡಿಪ್ಲೋಮ್ ಎಂದರೆ ಬ್ಯಾಚುಲರ್, ಮಾಸ್ಟರ್ ಪದ್ಧತಿ ಬರುವ ಮೊದಲು ಪ್ರಚಲಿತವಿದ್ದ, ಇಂದಿಗೂ ಕೆಲವು ಕಡೆ ಕೊಡುವ ಉನ್ನತ ಪದವಿ. ವಿಶ್ವವಿದ್ಯಾಲಯದ ಡಿಪ್ಲೋಮ್ ಅನ್ನು ಮಾಸ್ಟರ್ ಮಟ್ಟಕ್ಕೆ ಎಣಿಸುತ್ತಾರೆ. ಹಾಗಾಗಿ ಈಕೆ ಮಾಸ್ಟರ್ ಪದವಿಯ ನಂತರ ಬ್ಯಾಚುಲರ್ ಮಾಡಿದಂತೆ ಕಂಡಿತು! ಅದೇ ಪುಟದಲ್ಲಿ ಇನ್ನೊಂದು ಎಡವಟ್ಟು: ಹೈಸ್ಕೂಲು ‘ಹೋಖ್‌ಶೂಲೆ’ ಆಗಿತ್ತು. ಬಿಡಿಸಿ ನೋಡಿದರೆ ‘ಹೈ’ ಮತ್ತು ‘ಸ್ಕೂಲ್’ ಎರಡೂ ಅದರಲ್ಲಿವೆ. ಆದರೆ ಹೋಖ್‌ಶೂಲೆ ಎಂದರೆ ವಿಶ್ವವಿದ್ಯಾಲಯ ಮಟ್ಟದ ಸಂಸ್ಥೆ.

ಇದಕ್ಕೆ ನಾನು ಅನುಸರಿಸುವ ದಾರಿ ಸರಳ. ಪದವಿಯ ಹೆಸರನ್ನು ಅನುವಾದಿಸುವುದಿಲ್ಲ. ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೆಯೇ ಬರೆದು, ಪಕ್ಕದಲ್ಲಿ ಸಂಸ್ಥೆಯ ಹೆಸರು ಕೊಡುತ್ತೇನೆ. ಜರ್ಮನಿಯಲ್ಲಿ ವಿದೇಶಿ ಪದವಿಗಳನ್ನು ಬಳಸುವ ನಿಯಮವೂ ಮೂಲ ರೂಪವನ್ನೇ ಉಳಿಸಿಕೊಳ್ಳಲು ಹೇಳುತ್ತದೆ. ಡಿಪ್ಲೊಮಾದಂಥ ಕಡೆ ಕೆಳಗೆ ಒಂದು ಸಾಲು ವಿವರಣೆ: ‘ಮೂರು ವರ್ಷದ ತಾಂತ್ರಿಕ ಶಿಕ್ಷಣ, ಬ್ಯಾಚುಲರ್ ಪದವಿಗೆ ಮುಂಚಿನದು’. ವಿದೇಶಿ ಸಂಸ್ಥೆಗಳೂ ಪದವಿಗಳೂ ಅಲ್ಲಿ ಯಾವ ಮಾನ್ಯತೆ ಪಡೆದಿವೆ ಎಂದು ನೋಡಲು anabin.kmk.org ಎಂಬ ಸರ್ಕಾರಿ ದತ್ತಸಂಚಯವಿದೆ. ನಿಮ್ಮ ವಿಶ್ವವಿದ್ಯಾಲಯದ ಹೆಸರಿನ ಮುಂದೆ H+ ಇದ್ದರೆ ಅದು ಮಾನ್ಯ ಉನ್ನತ ಶಿಕ್ಷಣ ಸಂಸ್ಥೆ ಎಂದರ್ಥ. ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ, ವೀಸಾ ಹೊತ್ತಿಗೂ ಬೇಕಾಗುತ್ತದೆ.

‘ಇಂಜಿನಿಯರ್’ ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ಅಲ್ಲಿ ‘ಇಂಜೆನ್ಯೋರ್’ ಎಂಬುದು ರಾಜ್ಯಗಳ ಕಾನೂನು ಕಾಪಾಡುವ ಬಿರುದು. ವಿದೇಶದಲ್ಲಿ ಓದಿದವರು ಅದನ್ನು ತಮ್ಮ ಹೆಸರಿಗೆ ಬಿರುದಾಗಿ ಸೇರಿಸಿಕೊಳ್ಳಲು ಅನುಮತಿ ಪಡೆಯಬೇಕು. ಇಂಜಿನಿಯರ್ ಕೆಲಸಕ್ಕೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ರೆಸ್ಯೂಮೆಯ ಮೇಲ್ತುದಿಯಲ್ಲಿ ಹೆಸರಿನ ಜೊತೆ ಬಿರುದಿನಂತೆ ಬರೆಯುವುದನ್ನು ನಾನು ಬಿಡಿಸುತ್ತೇನೆ.

ಅಂಕಗಳು ಇನ್ನೊಂದು ಗೊಂದಲ. ಈಕೆಯದ್ದು ಹತ್ತಕ್ಕೆ 8.2. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಉತ್ತೀರ್ಣದ ಅಂಚು. ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಬರೀ 8.2 ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ಅಲ್ಲಿನ ವಿಶ್ವವಿದ್ಯಾಲಯಗಳು ಬಳಸುವ ಪರಿವರ್ತನೆಗೆ ‘ಮಾರ್ಪಡಿಸಿದ ಬವೇರಿಯನ್ ಸೂತ್ರ’ ಎಂಬ ಹೆಸರಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಕನಿಷ್ಠ ಉತ್ತೀರ್ಣಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಸೇರಿಸಿ. ಇವರ ಅಂಕಪಟ್ಟಿಯ ಹಿಂಬದಿಯಲ್ಲಿ ಕನಿಷ್ಠ ಉತ್ತೀರ್ಣ 4 ಎಂದಿತ್ತು. ಹಾಗಾಗಿ:

```
1 + 3 × (10 − 8.2) ÷ (10 − 4) = 1.9
```

ಕನಿಷ್ಠ 5 ಆಗಿದ್ದರೆ ಅದೇ 8.2ಕ್ಕೆ ಸುಮಾರು 2.1 ಬರುತ್ತಿತ್ತು. ಆದ್ದರಿಂದ ಯಾರೋ ಹೇಳಿದ ಕನಿಷ್ಠವನ್ನು ನಂಬದೆ ನಿಮ್ಮ ಅಂಕಪಟ್ಟಿಯನ್ನೇ ನೋಡಿ. ರೆಸ್ಯೂಮೆಯಲ್ಲಿ ಎರಡನ್ನೂ ಬರೆಯಿರಿ: ಮೂಲ ಅಂಕ, ಅದರ ಪಕ್ಕ ‘ಪರಿವರ್ತಿತ’ ಎಂದು ಹೇಳಿ ಜರ್ಮನ್ ಅಂಕ. ಪರಿವರ್ತಿತವನ್ನು ಮಾತ್ರ ಬರೆದರೆ ಅದು ಯಾವ ಕಾಗದದಲ್ಲೂ ಸಿಗುವುದಿಲ್ಲ.

ಈಗ ಕೆಲಸದ ವಿವರಗಳು. ಮೊದಲ ಕಂಪನಿಯಲ್ಲಿ ಈಕೆಯ ಹುದ್ದೆ ‘ಕ್ವಾಲಿಟಿ ಎಕ್ಸಿಕ್ಯುಟಿವ್’. ನಮ್ಮಲ್ಲಿ ಕಾಲೇಜು ಮುಗಿಸಿ ಬಂದವರನ್ನೂ ಎಕ್ಸಿಕ್ಯುಟಿವ್ ಎನ್ನುತ್ತೇವೆ. ಅನುವಾದದಲ್ಲಿ ಅದು ‘ಫ್ಯೂರುಂಗ್ಸ್‌ಕ್ರಾಫ್ಟ್’ ಆಗಿತ್ತು. ಅಂದರೆ ಜನರನ್ನು ಮುನ್ನಡೆಸುವ ಮೇಲಧಿಕಾರಿ. ಇಪ್ಪತ್ತೆರಡು ವಯಸ್ಸಿಗೆ ಮೇಲಧಿಕಾರಿ, ಆಮೇಲೆ ಕೆಳಗಿಳಿದು ಇಂಜಿನಿಯರ್! ನಾವು ಮೂಲ ಹುದ್ದೆಯ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿ ಉಳಿಸಿ, ಮುಂದೆ ಮಾಡಿದ ಕೆಲಸವನ್ನು ಜರ್ಮನ್‌ನಲ್ಲಿ ಬರೆದೆವು: ‘ಗುಣಮಟ್ಟ ಖಾತರಿ ವಿಭಾಗದ ಉದ್ಯೋಗಿ’. ಜರ್ಮನ್‌ನಲ್ಲಿ ಉದ್ಯೋಗಿಗೆ ಗಂಡು ರೂಪ ‘ಮಿಟ್‌ಆರ್ಬೈಟರ್’, ಹೆಣ್ಣು ರೂಪ ‘ಮಿಟ್‌ಆರ್ಬೈಟರಿನ್’. ಹಳೆಯ ಪ್ರತಿಯಲ್ಲಿ ಎಲ್ಲ ಹುದ್ದೆಗಳೂ ಗಂಡು ರೂಪದಲ್ಲಿದ್ದವು. ಫೋಟೋ ಹೆಣ್ಣುಮಗಳದ್ದು, ಪದಗಳೆಲ್ಲ ಗಂಡಸಿನವು. ಇದನ್ನು ಬೇರೆಯವರು ಬರೆದುಕೊಟ್ಟಿದ್ದಾರೆ ಎಂದು ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಅವರ ಇಂಗ್ಲಿಷ್ ರೆಸ್ಯೂಮೆಯಲ್ಲಿ ಹೆಮ್ಮೆಯ ಸಾಲು ಒಂದಿತ್ತು: ತಿರಸ್ಕೃತ ಭಾಗಗಳ ಪ್ರಮಾಣವನ್ನು ಶೇಕಡಾ 40ರಷ್ಟು ಇಳಿಸಿದ್ದು. ಜರ್ಮನ್ ಪ್ರತಿಯಲ್ಲಿ ಅದು ‘ಔಫ್ 40 ಪ್ರೊಟ್ಸೆಂಟ್’ ಎಂದಾಗಿತ್ತು. ‘ಉಮ್’ ಎಂದರೆ ಇಷ್ಟರ ಮಟ್ಟಿಗೆ, ‘ಔಫ್’ ಎಂದರೆ ಇಷ್ಟಕ್ಕೆ. ಒಂದು ಪುಟ್ಟ ಪದ ಅದಲು ಬದಲಾಗಿ, ಶೇಕಡಾ 40ರಷ್ಟು ಇಳಿಸಿದವರು ಶೇಕಡಾ 40ಕ್ಕೆ ಇಳಿಸಿದವರಾದರು. ನೂರು ಭಾಗ ಮಾಡಿದರೆ ನಲವತ್ತು ಕೆಟ್ಟವು ಎಂದಾಯಿತು. ಗುಣಮಟ್ಟದ ಕೆಲಸ ಕೇಳಿ ಬಂದವರ ಅರ್ಜಿಯಲ್ಲಿ ಇದಕ್ಕಿಂತ ಕೆಟ್ಟ ತಪ್ಪು ನನಗೆ ಹೊಳೆಯುತ್ತಿಲ್ಲ. ನಿಜವಾದ ಅಂಕಿ ಏನು ಎಂದು ಕೇಳಿದೆ. ‘ನೂರಕ್ಕೆ ಎರಡೂವರೆ ಇತ್ತು, ಒಂದೂವರೆಗೆ ಬಂತು, ಹದಿನಾಲ್ಕು ತಿಂಗಳು ಹಿಡಿಯಿತು’ ಎಂದರು. ಹಾಗೆಯೇ ಬರೆದೆವು: 2,5ರಿಂದ 1,5 ಶೇಕಡಾಕ್ಕೆ, ಹದಿನಾಲ್ಕು ತಿಂಗಳಲ್ಲಿ. ಎರಡು ತುದಿಯೂ ಕಂಡಾಗ ಪದ ತಪ್ಪಿದರೂ ಅರ್ಥ ತಪ್ಪುವುದಿಲ್ಲ.

ದಶಮಾಂಶಕ್ಕೆ ನಾನು ಅಲ್ಪವಿರಾಮ ಹಾಕಿದ್ದನ್ನು ಗಮನಿಸಿದಿರಾ? ಜರ್ಮನ್ ರೂಢಿ ಇಂಗ್ಲಿಷಿಗೆ ತಿರುಗುಮುರುಗು. ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಭಾಗಗಳ ತಪಾಸಣೆ ಎಂಬುದನ್ನು ನಾವು 1,20,000 ಎಂದು ಬರೆಯುತ್ತೇವೆ. ಅಲ್ಲಿ ಅದು 120.000 ಆಗಬೇಕು. ಇಂಗ್ಲಿಷಿನ ‘ಬಿಲಿಯನ್’ ಅಲ್ಲಿ ‘ಮಿಲಿಯಾರ್ಡೆ’. ಜರ್ಮನ್‌ನ ‘ಬಿಲ್ಯೋನ್’ ಎಂದರೆ ಅದರ ಸಾವಿರ ಪಟ್ಟು. ಕಂಪನಿಯ ವಹಿವಾಟು ಬರೆಯುವವರು ಇದನ್ನು ಎರಡು ಸಲ ನೋಡಿ.

ಇನ್ನೊಂದು ಸಾಲು ‘ಆರು ಜನರ ತಂಡವನ್ನು ನಿರ್ವಹಿಸಿದ್ದು’. ಜರ್ಮನ್ ಓದುಗರಿಗೆ ಇಲ್ಲಿ ತಕ್ಷಣ ಒಂದು ಪ್ರಶ್ನೆ ಏಳುತ್ತದೆ: ಯಾವ ರೀತಿಯ ನಿರ್ವಹಣೆ? ರಜೆ ಮಂಜೂರು ಮಾಡುವ, ಸಂಬಳದ ವಿಷಯ ನಿರ್ಧರಿಸುವ, ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ಇದ್ದರೆ ಅದು ‘ಡಿಸಿಪ್ಲಿನಾರಿಶ್’ ನಾಯಕತ್ವ. ಯಾವ ಕೆಲಸ ಹೇಗೆ ಆಗಬೇಕೆಂದು ಹೇಳಿಕೊಡುವುದಷ್ಟೇ ಆದರೆ ‘ಫಾಖ್‌ಲಿಶ್’. ಇಂಗ್ಲಿಷಿನ ‘ಮ್ಯಾನೇಜ್’ ಎರಡನ್ನೂ ಒಂದೇ ಚೀಲದಲ್ಲಿ ತುಂಬುತ್ತದೆ. ಆಕೆ ಯೋಚಿಸಿ, ‘ರಜೆ ನಾನು ಕೊಡ್ತಿರಲಿಲ್ಲ, ಅದು ವಿಭಾಗದ ಮುಖ್ಯಸ್ಥರದ್ದು’ ಎಂದರು. ‘ಫಾಖ್‌ಲಿಶ್’ ಎಂದು ಬರೆದೆವು. ಕಡಿಮೆ ಹೇಳಿದಂತೆ ಅವರಿಗೆ ಅನ್ನಿಸಿತು. ನನಗೆ ಹಾಗನ್ನಿಸುವುದಿಲ್ಲ. ಆ ಪದ ಆರಿಸಿಕೊಂಡವರಿಗೆ ವ್ಯತ್ಯಾಸ ಗೊತ್ತಿದೆ ಎಂಬುದೇ ಒಂದು ಅರ್ಹತೆ.

ಇಡೀ ಕಡತದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅನುಭವ ಪತ್ರ. ಮೊದಲ ಕಂಪನಿ ಕೊಟ್ಟ ಪತ್ರದಲ್ಲಿ ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಕೊನೆಯ ಸಾಲು, ‘ಅವರ ಕೆಲಸ ನಮಗೆ ತೃಪ್ತಿ ತಂದಿದೆ’ ಎಂದು. ಒಳ್ಳೆಯ ಮಾತೇ ತಾನೆ? ಜರ್ಮನ್‌ಗೆ ಹಾಗೆಯೇ ಹೋಯಿತು.

ಜರ್ಮನಿಯಲ್ಲಿ ಕೆಲಸ ಬಿಡುವವರಿಗೆ ಲಿಖಿತ ಪ್ರಮಾಣಪತ್ರ ಪಡೆಯುವ ಹಕ್ಕು ಕಾನೂನಿನಲ್ಲೇ ಇದೆ. ಅದನ್ನು ‘ಆರ್ಬೈಟ್ಸ್‌ಟ್ಸೊಯ್ಗ್ನಿಸ್’ ಎನ್ನುತ್ತಾರೆ. ಅದು ಸತ್ಯವಾಗಿರಬೇಕು, ಜೊತೆಗೆ ಉದ್ಯೋಗಿಯ ಮುಂದಿನ ದಾರಿಗೆ ಕಲ್ಲು ಹಾಕದಂತೆ ಹಿತಬುದ್ಧಿಯಿಂದಲೂ ಇರಬೇಕು. ಈ ಎರಡರ ನಡುವೆ ಸಿಕ್ಕಿ ಅಲ್ಲಿ ಒಂದು ಗುಟ್ಟಿನ ಭಾಷೆಯೇ ಬೆಳೆದಿದೆ. ಮೇಲ್ನೋಟಕ್ಕೆ ಎಲ್ಲವೂ ಹೊಗಳಿಕೆ, ಆದರೆ ದರ್ಜೆ ಪದಗಳಲ್ಲಿ ಅಡಗಿರುತ್ತದೆ. ‘ಸದಾ ನಮ್ಮ ಪೂರ್ಣಾತಿಪೂರ್ಣ ತೃಪ್ತಿಗೆ’ ಎಂಬರ್ಥದ ಮಾತಿದ್ದರೆ ಅತ್ಯುತ್ತಮ. ‘ಸದಾ ನಮ್ಮ ಪೂರ್ಣ ತೃಪ್ತಿಗೆ’ ಎಂದರೆ ಉತ್ತಮ. ‘ಸದಾ’ ಬಿಟ್ಟು ಹೋಗಿ ‘ನಮ್ಮ ಪೂರ್ಣ ತೃಪ್ತಿಗೆ’ ಎಂದಷ್ಟೇ ಇದ್ದರೆ ಮಧ್ಯಮ. ‘ನಮ್ಮ ತೃಪ್ತಿಗೆ’ ಎಂದು ಮಾತ್ರ ಇದ್ದರೆ ಹೇಗೋ ಪಾಸಾದವರು. ನಮ್ಮ ಇಂಜಿನಿಯರ್ ಮೂರು ವರ್ಷ ದುಡಿದು ತಂದ ಒಳ್ಳೆಯ ಮಾತು, ಅನುವಾದದಲ್ಲಿ ಬಂದು ನಿಂತದ್ದು ಈ ಕೊನೆಯ ಮೆಟ್ಟಿಲಿನ ಮೇಲೆ. ನನಗೆ ಅದನ್ನು ಓದಿ ನಿಜಕ್ಕೂ ಸಂಕಟವಾಯಿತು. ಅನುವಾದಕರು ಒಂದು ಅಕ್ಷರವನ್ನೂ ತಪ್ಪಿರಲಿಲ್ಲ.

ಹಾಗಾದರೆ ‘ಸದಾ’, ‘ಪೂರ್ಣಾತಿಪೂರ್ಣ’ ಎಂದು ಸೇರಿಸಬಹುದೇ? ಸೇರಿಸುವ ಹಾಗಿಲ್ಲ. ಪ್ರಮಾಣಪತ್ರ ಇನ್ನೊಬ್ಬರ ಸಹಿಯಿರುವ ಕಾಗದ. ಮೂಲದಲ್ಲಿಲ್ಲದ್ದನ್ನು ಅನುವಾದದಲ್ಲಿ ತಂದರೆ ಅದು ತಿದ್ದಿದ ಹಾಗೆ. ನಾವು ಮಾಡಿದ್ದು ಬೇರೆ. ಅನುಭವ ಪತ್ರದ ಅನುವಾದವನ್ನು ಕಡತದಿಂದ ತೆಗೆದು ಇಂಗ್ಲಿಷ್ ಮೂಲವನ್ನೇ ಇಟ್ಟೆವು. ಇಂಗ್ಲಿಷಿನಲ್ಲಿ ಓದಿದಾಗ ಆ ಗುಟ್ಟಿನ ಲೆಕ್ಕ ಯಾರ ತಲೆಗೂ ಬರುವುದಿಲ್ಲ, ಇದು ಹೊರದೇಶದ ಸಾಮಾನ್ಯ ಪತ್ರ ಎಂದು ಓದುತ್ತಾರೆ. ಜೊತೆಗೆ ಆಕೆ ಹಳೆಯ ಮೇಲಧಿಕಾರಿಗೆ ಬರೆದು, ಮಾಡಿದ ಕೆಲಸಗಳ ಪಟ್ಟಿಯಿರುವ ಇನ್ನೊಂದು ಪತ್ರ ಕೇಳಿದರು. ಎರಡು ವಾರದಲ್ಲಿ ಬಂತು. ಜರ್ಮನ್ ಓದುಗರು ಇಂಥ ಪತ್ರದಲ್ಲಿ ಮೊದಲು ಹುಡುಕುವುದು ಆ ಪಟ್ಟಿಯನ್ನೇ.

ಪ್ರಮಾಣವಚನ ಸ್ವೀಕರಿಸಿದ ಅನುವಾದಕರಿಂದಲೇ ಎಲ್ಲ ಮಾಡಿಸಬೇಕೇ ಎಂದು ಕೇಳುವವರಿದ್ದಾರೆ. ರೆಸ್ಯೂಮೆಗೂ ಪತ್ರಕ್ಕೂ ಅಗತ್ಯವಿಲ್ಲ. ಪದವಿಯ ಮಾನ್ಯತೆಗೋ ಸರ್ಕಾರಿ ಕಚೇರಿಗೋ ಕಾಗದ ಕೊಡುವಾಗ ಅವರು ಕೇಳಿದರೆ ಮಾಡಿಸಿ. ಜರ್ಮನಿಯ ನ್ಯಾಯಾಲಯಗಳು ಒಪ್ಪಿದ ಅನುವಾದಕರ ಪಟ್ಟಿ justiz-dolmetscher.de ತಾಣದಲ್ಲಿ ಸಿಗುತ್ತದೆ.

ಈಗ ಪತ್ರಕ್ಕೆ ಬರೋಣ. ಇಂಗ್ಲಿಷ್ ಮೂಲ ‘ಗೌರವಾನ್ವಿತ ಮಹೋದಯರೇ’ ಎಂದು ಶುರುವಾಗಿ, ‘ನಾನು ಶ್ರಮಜೀವಿ, ಉತ್ಸಾಹಿ, ತಂಡದಲ್ಲಿ ಬೆರೆಯುವ ವ್ಯಕ್ತಿ’ ಎಂದು ಮುಂದುವರಿದು, ‘ಅವಕಾಶ ಕೊಟ್ಟರೆ ಚಿರಋಣಿ’ ಎಂದು ಮುಗಿದಿತ್ತು. ಇದನ್ನು ಅನುವಾದಿಸಲಿಲ್ಲ, ಹೊಸದಾಗಿ ಬರೆದೆವು. ರೆಸ್ಯೂಮೆಯನ್ನು ಅನುವಾದಿಸಬಹುದು, ಪತ್ರವನ್ನು ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದೇ ಪುಟ. ವಿಷಯದ ಸಾಲು ದಪ್ಪಕ್ಷರದಲ್ಲಿ, ‘ವಿಷಯ’ ಎಂಬ ಪದವಿಲ್ಲದೆ. ಜಾಹೀರಾತಿನಲ್ಲಿ ಹುದ್ದೆಯ ಪಕ್ಕ (m/w/d) ಎಂದಿರುತ್ತದೆ. ಗಂಡು, ಹೆಣ್ಣು, ಇತರೆ ಯಾರಾದರೂ ಅರ್ಜಿ ಹಾಕಬಹುದು ಎಂದು ಅದರರ್ಥ. ನಿಮ್ಮ ಪತ್ರಕ್ಕೆ ಅದನ್ನು ನಕಲಿಸಬೇಡಿ. ಸಂಪರ್ಕಿಸಬೇಕಾದವರ ಹೆಸರು ಜಾಹೀರಾತಿನಲ್ಲಿ ಇದ್ದರೆ ಅವರ ಮನೆತನದ ಹೆಸರು ಹಿಡಿದೇ ಸಂಬೋಧಿಸಬೇಕು. ಇಲ್ಲದಿದ್ದರೆ ಮಾತ್ರ ‘ಮಾನ್ಯ ಮಹಿಳೆಯರೇ ಮತ್ತು ಮಹನೀಯರೇ’ ಎಂಬರ್ಥದ ಸಾಮಾನ್ಯ ಸಂಬೋಧನೆ. ಸಂಬೋಧನೆಯ ನಂತರ ಅಲ್ಪವಿರಾಮ, ಮುಂದಿನ ಸಾಲಿನ ಮೊದಲ ಪದ ಸಣ್ಣ ಅಕ್ಷರದಿಂದ. ಕೊನೆಯಲ್ಲಿ ‘ಸ್ನೇಹಪೂರ್ವಕ ವಂದನೆಗಳೊಂದಿಗೆ’ ಎಂಬರ್ಥದ ಸಾಲು, ಅದರ ಮುಂದೆ ಅಲ್ಪವಿರಾಮವಿಲ್ಲ.

ಇನ್ನೊಂದು ಅಕ್ಷರದ ಮಾತು. ಜರ್ಮನ್‌ನಲ್ಲಿ ‘ಈರ್’ ಎಂಬ ಪದ ದೊಡ್ಡ ಅಕ್ಷರದಿಂದ ಶುರುವಾದರೆ ‘ನಿಮ್ಮ’, ಸಣ್ಣದರಿಂದ ಶುರುವಾದರೆ ‘ಅವಳ’ ಅಥವಾ ‘ಅವರ’. ‘ನಿಮ್ಮ ಕಂಪನಿಯಲ್ಲಿ ಕೆಲಸ ಮಾಡುವ ಆಸೆ’ ಎಂದು ಬರೆಯಲು ಹೋಗಿ ‘ಅವಳ ಕಂಪನಿಯಲ್ಲಿ’ ಎಂದಾಗಿರುವ ಪತ್ರಗಳನ್ನು ಎಷ್ಟೋ ತಿದ್ದಿದ್ದೇನೆ. ಮುಗಿಸಿದ ಮೇಲೆ ಈ ಒಂದು ಪದವನ್ನು ಹುಡುಕಿ ಹುಡುಕಿ ನೋಡಿ.

ಒಳಗೆ ಏನಿರಬೇಕು? ಈ ಸಲ ಆಕೆ ಅರ್ಜಿ ಹಾಕಲು ಹೊರಟಿದ್ದ ಹುದ್ದೆಯ ಜಾಹೀರಾತು ಮೂರು ಮುಖ್ಯ ಬೇಡಿಕೆ ಇಟ್ಟಿತ್ತು: ಪೂರೈಕೆದಾರರ ಗುಣಮಟ್ಟ ನೋಡಿಕೊಳ್ಳುವುದು, ಗ್ರಾಹಕರ ದೂರುಗಳನ್ನು ಬಗೆಹರಿಸುವುದು, ಜರ್ಮನ್ ಮತ್ತು ಇಂಗ್ಲಿಷ್. ಪತ್ರದ ಮೊದಲ ಸಾಲಿನಲ್ಲೇ ಆ ತಿರಸ್ಕೃತ ಭಾಗಗಳ ಕೆಲಸವನ್ನು ತಂದೆವು, ಏಕೆಂದರೆ ದೋಷದ ಮೂಲ ಸಿಕ್ಕಿದ್ದು ಒಬ್ಬ ಪೂರೈಕೆದಾರರ ಎರಕದ ಭಾಗಗಳಲ್ಲಿ. ಎರಡನೆಯ ಪ್ಯಾರಾದಲ್ಲಿ ಗ್ರಾಹಕರ ಒಂದು ದೂರು, ಅದನ್ನು ಹೇಗೆ ಹಿಂಬಾಲಿಸಿದರು ಎಂಬುದು. ಶ್ರಮಜೀವಿ, ಉತ್ಸಾಹಿ ಎಂಬ ವಿಶೇಷಣಗಳು ಎಲ್ಲೂ ಬೇಕಾಗಲಿಲ್ಲ.

ಕೊನೆಯ ಪ್ಯಾರಾದಲ್ಲಿ ಜಾಹೀರಾತು ಕೇಳಿದ ಎರಡು ಸಂಗತಿ. ಒಂದು, ನಿರೀಕ್ಷಿಸುವ ಸಂಬಳ. ಕೇಳಿದ್ದರೆ ಉತ್ತರಿಸಲೇಬೇಕು. ತೆರಿಗೆಗೆ ಮುಂಚಿನ ವಾರ್ಷಿಕ ಮೊತ್ತವಾಗಿ, ಯೂರೋದಲ್ಲಿ ಹೇಳಬೇಕು. ಈಗಿನ ಸಂಬಳವನ್ನು ಯೂರೋಗೆ ಪರಿವರ್ತಿಸಿ ಅದಕ್ಕೆ ಇಷ್ಟು ಸೇರಿಸುವ ಲೆಕ್ಕ ಬೇಡ. ಅಲ್ಲಿ ಅದೇ ಹುದ್ದೆಗೆ, ಅದೇ ಪ್ರದೇಶದಲ್ಲಿ ಎಷ್ಟು ಕೊಡುತ್ತಾರೆ ಎಂಬುದನ್ನು ನೋಡಿ. ಇನ್ನೊಂದು, ಯಾವಾಗ ಸೇರಬಲ್ಲಿರಿ. ಈಕೆ ‘ತಕ್ಷಣ’ ಎಂದು ಬರೆದಿದ್ದರು. ಆದರೆ ನೇಮಕ ಪತ್ರದ ಪ್ರಕಾರ ಮೂರು ತಿಂಗಳ ನೋಟಿಸ್ ಕೊಡಬೇಕು, ಅದರ ಜೊತೆ ವೀಸಾದ ಸಮಯ. ನೋಟಿಸ್ ಅವಧಿಯನ್ನು ನೇರವಾಗಿ ಬರೆದು, ವೀಸಾ ಪ್ರಕ್ರಿಯೆ ಬೇಕೆಂಬುದನ್ನೂ ಹೇಳಿದೆವು.

ಭಾಷೆಯ ಮಟ್ಟದ ಬಗ್ಗೆ ನಾವಿಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದೆವು. ರೆಸ್ಯೂಮೆಯಲ್ಲಿ ‘ಜರ್ಮನ್: ಚೆನ್ನಾಗಿದೆ’ ಎಂದಿತ್ತು. ಅಲ್ಲಿ A1ರಿಂದ C2ರವರೆಗಿನ ಯುರೋಪಿಯನ್ ಮಟ್ಟಗಳಲ್ಲೇ ಹೇಳಬೇಕು, ಪರೀಕ್ಷೆಯ ಪ್ರಮಾಣಪತ್ರ ಹಿಂದೆ ಇರಬೇಕು. ಅವರದ್ದು B1. ಅದನ್ನು ಬರೆಯಲು ಅವರಿಗೆ ಅಳುಕು, ಪತ್ರದ ಭಾಷೆಯಾದರೂ ಭರ್ಜರಿಯಾಗಿರಲಿ ಎಂಬ ಆಸೆ. ನಾನು ಬೇಡವೆಂದೆ. B1 ಎಂದು ಬರೆದುಕೊಂಡವರ ಪತ್ರ ವಕೀಲರ ಭಾಷೆಯಲ್ಲಿದ್ದರೆ ಫೋನು ಬಂದ ಮೊದಲ ನಿಮಿಷಕ್ಕೇ ಅಂತರ ಬಯಲಾಗುತ್ತದೆ. ಆಕೆಯೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದರು, ನಾನು ತಪ್ಪುಗಳನ್ನಷ್ಟೇ ತಿದ್ದಿದೆ. ಆಮೇಲೆ ಒಂದು ಸಂಜೆ ಕೂತು, ರೆಸ್ಯೂಮೆಯ ಯಾವುದೋ ಸಾಲಿನ ಮೇಲೆ ಬೆರಳಿಟ್ಟು, ‘ಇದನ್ನು ಜರ್ಮನ್‌ನಲ್ಲಿ ವಿವರಿಸಿ’ ಎಂದು ಕೇಳುತ್ತಾ ಹೋದೆ. ಎರಡು ಸಾಲುಗಳಲ್ಲಿ ಅವರು ತಡವರಿಸಿದರು. ಅವೆರಡನ್ನೂ ಅವರ ಬಾಯಿಗೆ ಬರುವ ಪದಗಳಲ್ಲಿ ಮತ್ತೆ ಬರೆದೆವು.

ಕೊನೆಗೆ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿದೆವು: ಪತ್ರ, ಲೇಬೆನ್ಸ್‌ಲೌಫ್, ಅನುಭವ ಪತ್ರಗಳು, ಪದವಿ ಪತ್ರ ಮತ್ತು ಅಂಕಪಟ್ಟಿ, ಭಾಷಾ ಪ್ರಮಾಣಪತ್ರ. ಪತ್ರದ ಮೇಲಿನ ದಿನಾಂಕವೂ ಲೇಬೆನ್ಸ್‌ಲೌಫ್ ಕೊನೆಯ ದಿನಾಂಕವೂ ಒಂದೇ ಇರುವಂತೆ ನೋಡಿಕೊಂಡೆವು. ಪಾಸ್‌ಪೋರ್ಟಿನಲ್ಲಿ ಒಂದು ಕಾಗುಣಿತ, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದದ್ದು ಕಂಡು, ರೆಸ್ಯೂಮೆಯಲ್ಲಿ ಪಾಸ್‌ಪೋರ್ಟಿನದ್ದನ್ನೇ ಇಟ್ಟು, ಓದಿನ ಭಾಗದಲ್ಲಿ ‘ಪ್ರಮಾಣಪತ್ರದಲ್ಲಿ ಹೆಸರು ಹೀಗಿದೆ’ ಎಂದು ಒಂದು ಸಾಲು ಸೇರಿಸಿದೆವು. ಅರ್ಜಿ ಹೋದ ಮೂರನೆಯ ವಾರ ವಿಡಿಯೋ ಸಂದರ್ಶನದ ಕರೆ ಬಂತು. ಅವರು ಕೇಳಿದ ಮೊದಲ ಪ್ರಶ್ನೆ ಆ ಎರಡೂವರೆ ಒಂದೂವರೆಗೆ ಹೇಗೆ ಇಳಿಯಿತು ಎಂದು.